ಎಲೆ ನೋಡಿ, ಕಾಯಿ ನೋಡಿ, ಮರದ ಹೆಸರು ಹೇಳಿ

(ಹಳ್ಳಿ ಶಾಲೆಯೊಂದರ ಅಂಗಳದಲ್ಲಿ ಮಕ್ಕಳ ಮುಂದೆ ಆಡಿದ ಮಾತುಗಳು. ಮಾತಿನ ಧಾಟಿ ಹಾಗೇ ಉಳಿಸಿಕೊಂಡು ಬರೆದಿದ್ದೇನೆ.)

ಮಕ್ಕಳೇ, ನನ್ನ ಕೈಯಲ್ಲಿ ಹೊಂಗೆಯ ಒಂದು ಚಿಕ್ಕ ಟೊಂಗೆ ಇದೆ. ಇದರಲ್ಲಿ ಎಷ್ಟು ಎಲೆ ಇವೆ? ಎಣಿಸಿ ಹೇಳಿ ನೋಡೋಣ.

ಇಪ್ಪತ್ತೊಂದು ಅಂತ ಎಲ್ಲರೂ ಒಟ್ಟಿಗೇ ಕೂಗಿದಿರಿ. ಎಣಿಕೆಯಲ್ಲಿ ತಪ್ಪಿಲ್ಲ. ಹಸಿರು ಹಾಳೆಗಳು ಇಪ್ಪತ್ತೊಂದೇ ಇವೆ. ಆದರೆ ಎಲೆ ಇರುವುದು ಮೂರೇ. ಇವತ್ತಿನ ಮಾತೆಲ್ಲ ಇಲ್ಲಿಂದಲೇ ಶುರುವಾಗುತ್ತದೆ. ಒಂದು ಎಲೆ ಅಂದರೆ ಎಲ್ಲಿಂದ ಎಲ್ಲಿವರೆಗೆ ಅನ್ನೋದು ಗೊತ್ತಾಗದಿದ್ದರೆ ಮರಗಳ ಗುರುತು ಹಿಡಿಯುವುದು ಬರೀ ಊಹೆಯಾಗಿಬಿಡುತ್ತದೆ.

ಹತ್ತಿರ ಬನ್ನಿ. ಟೊಂಗೆಯಿಂದ ಈ ಉದ್ದ ತೊಟ್ಟು ಹೊರಟಿದೆ ಅಲ್ವಾ? ತೊಟ್ಟು ಟೊಂಗೆಗೆ ಸೇರುವ ಮೂಲೆಯನ್ನು ನೋಡಿ. ಆ ಮೂಲೆಗೆ ಎಲೆಯ ಕಂಕುಳು ಅನ್ನುತ್ತಾರೆ. ಅಲ್ಲಿ ಒಂದು ಪುಟಾಣಿ ಮೊಗ್ಗು ಕೂತಿದೆ. ಕಾಣಿಸದಿದ್ದರೆ ಈ ಭೂತಗನ್ನಡಿ ಹಿಡಿದು ನೋಡಿ. ಮುಂದೆ ಅದು ಹೊಸ ಟೊಂಗೆ ಆಗಬಹುದು, ಹೂಗೊಂಚಲೂ ಆಗಬಹುದು. ಈಗ ಅದೇ ತೊಟ್ಟಿನ ಮೇಲೆ ಮುಂದಕ್ಕೆ ಹೋಗಿ. ಒಂದೊಂದು ಹಸಿರು ಹಾಳೆ ಅಂಟಿಕೊಂಡಿರುವ ಜಾಗವನ್ನೂ ನೋಡಿ. ಅಲ್ಲಿ ಮೊಗ್ಗಿದೆಯಾ? ಇಲ್ಲ. ಯಾವುದರ ಬುಡದಲ್ಲೂ ಇಲ್ಲ.

ಇದೇ ನಿಯಮ. ಮೊಗ್ಗು ಎಲ್ಲಿದೆಯೋ ಅಲ್ಲಿಂದ ಒಂದು ಎಲೆ ಶುರು. ಆ ತೊಟ್ಟಿನ ಮೇಲಿರುವ ಏಳು ಹಾಳೆಗಳೂ ಸೇರಿ ಒಂದೇ ಎಲೆ. ಒಂದೊಂದು ಹಾಳೆಯನ್ನು ಕಿರುಎಲೆ ಅಂತ ಕರೆಯೋಣ. ಇನ್ನೂ ಒಂದು ಸಾಕ್ಷಿ ಬೇಕಾದರೆ ಹೊಂಗೆ ಎಲೆ ಉದುರಿಸುವ ಕಾಲದಲ್ಲಿ ಟೊಂಗೆ ನೋಡಿ. ಎಲೆ ಕಳಚಿದ ಗಾಯದ ಗುರುತು ಟೊಂಗೆಯ ಮೇಲೆ ಒಂದೇ ಇರುತ್ತದೆ, ಏಳು ಇರುವುದಿಲ್ಲ.

ಹೊಂಗೆ ಕೈಯಲ್ಲೇ ಇದೆ, ಅದನ್ನೇ ಮೊದಲು ಮುಗಿಸೋಣ. ಕಿರುಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ, ಕೊನೆಗೆ ತುದಿಯಲ್ಲಿ ಒಂಟಿಯಾಗಿ ಒಂದು. ಹಾಗಾಗಿ ಎಣಿಸಿದರೆ ಸಾಮಾನ್ಯವಾಗಿ ಐದು ಅಥವಾ ಏಳು ಸಿಗುತ್ತವೆ, ಕೆಲವೊಮ್ಮೆ ಒಂಬತ್ತು. ತುದಿಯ ಒಂಟಿ ಕಿರುಎಲೆ ಉಳಿದವುಗಳಿಗಿಂತ ದೊಡ್ಡದು. ಬುಡದ ಜೋಡಿ ಎಲ್ಲಕ್ಕಿಂತ ಚಿಕ್ಕದು. ಮೇಲ್ಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಚಿಗುರಾಗಿದ್ದಾಗ ತಾಮ್ರದ ಬಣ್ಣ, ಆಮೇಲೆ ತಿಳಿ ಹಸಿರು, ಬಲಿತ ಮೇಲೆ ಗಾಢ ಹಸಿರು. ಬೇಸಿಗೆ ಶುರುವಾಗುವ ಹೊತ್ತಿಗೆ ಹಳೆ ಎಲೆ ಉದುರಿಸಿ ಬೇಗನೇ ಹೊಸದನ್ನು ತೊಡುತ್ತದೆ. ಬಿಸಿಲು ಜೋರಾಗುವ ಕಾಲಕ್ಕೆ ಸರಿಯಾಗಿ ನೆರಳು ಸಿದ್ಧವಾಗಿರುವುದು ಇದರಿಂದಲೇ.

ಹೊಂಗೆಯ ಎಲೆ ಪೂರ್ತಿ ಚೊಕ್ಕಟವಾಗಿ ಸಿಗುವುದು ಅಪರೂಪ. ಇದನ್ನೂ ಗುರುತಾಗಿ ಇಟ್ಟುಕೊಳ್ಳಿ. ಈ ಕಿರುಎಲೆಯ ಮೇಲೆ ಬಿಳಿ ಮಚ್ಚೆಗಳಿವೆ. ಸಣ್ಣ ಹುಳುವೊಂದು ಎಲೆಯ ಎರಡು ಪದರಗಳ ನಡುವೆ ಸೇರಿಕೊಂಡು ಹಸಿರನ್ನು ತಿಂದ ಜಾಗ ಅದು. ಬೆರಳಿನಿಂದ ಮುಟ್ಟಿ, ಮೇಲಿನ ಪದರ ತೆಳ್ಳಗಿನ ಪೊರೆಯಾಗಿ ಉಳಿದಿದೆ. ಇನ್ನು ಈ ಎಲೆ ನೋಡಿ, ಮೈತುಂಬ ಸಣ್ಣ ಸಣ್ಣ ಗಂಟುಗಳು ಎದ್ದಿವೆ. ಇದು ಒಂದು ಬಗೆಯ ನುಸಿಯ ಕೆಲಸ. ಅದು ಎಷ್ಟು ಚಿಕ್ಕದೆಂದರೆ ಬರಿಗಣ್ಣಿಗೆ ಕಾಣುವುದೇ ಇಲ್ಲ. ಅದು ಎಲೆಯ ರಸ ಹೀರಿದಾಗ ಎಲೆಯೇ ಸುತ್ತ ಬೆಳೆದು ಗಂಟಾಗುತ್ತದೆ, ನುಸಿ ಅದರೊಳಗೇ ಸಂಸಾರ ಮಾಡುತ್ತದೆ. ಮರಕ್ಕೇನೂ ದೊಡ್ಡ ತೊಂದರೆ ಇಲ್ಲ.

ಕಾಯಿಯ ವಿಷಯಕ್ಕೆ ಬಂದರೆ ಹೊಂಗೆ ಒಂದು ಮೋಸ ಮಾಡುತ್ತದೆ. ನಿಜವಾದ ಹೊಂಗೆ ಕಾಯಿ ಚಪ್ಪಟೆ, ಗಟ್ಟಿ, ನಾಲ್ಕೈದು ಸೆಂಟಿಮೀಟರ್ ಉದ್ದ. ತುದಿಯಲ್ಲಿ ಚಿಕ್ಕದಾಗಿ ಬಾಗಿದ ಕೊಕ್ಕು ಇರುತ್ತದೆ. ಒಣಗಿದರೂ ತಾನಾಗಿ ಬಿರಿಯುವುದಿಲ್ಲ, ಕಲ್ಲಿನಿಂದ ಜಜ್ಜಬೇಕು. ಒಳಗೆ ಸಾಮಾನ್ಯವಾಗಿ ಒಂದೇ ಬೀಜ, ಅಪರೂಪಕ್ಕೆ ಎರಡು. ಆದರೆ ಕೆಲವು ಗೊಂಚಲುಗಳಲ್ಲಿ ಇಂಥ ಕಾಯಿಯ ಬದಲು ದುಂಡನೆಯ ಹಸಿರು ಗೋಲಿಗಳು ತುಂಬಿರುತ್ತವೆ. ನೋಡಿದವರು ಇದು ಬೇರೆ ಮರ ಇರಬೇಕು ಅಂದುಕೊಳ್ಳುತ್ತಾರೆ. ಅವು ಕಾಯಿಗಳೇ ಅಲ್ಲ. ಸೊಳ್ಳೆಯಂಥ ಒಂದು ಪುಟ್ಟ ನೊಣ ಹೂಮೊಗ್ಗಿನಲ್ಲಿ ಮೊಟ್ಟೆ ಇಡುತ್ತದೆ. ಆ ಮೊಗ್ಗು ಹೂವಾಗಿ ಅರಳದೆ ಊದಿಕೊಂಡು ಗಂಟಾಗುತ್ತದೆ. ಅನುಮಾನ ಬಂದರೆ ಒಂದನ್ನು ಉಗುರಿನಿಂದ ಸೀಳಿ ನೋಡಿ. ಬೀಜ ಇರುವುದಿಲ್ಲ, ಚಿಕ್ಕದೊಂದು ಗೂಡು ಇರುತ್ತದೆ. ಹುಳು ಇನ್ನೂ ಹೊರಗೆ ಹೋಗಿಲ್ಲದಿದ್ದರೆ ಅದೂ ಅಲ್ಲೇ ಸಿಗುತ್ತದೆ. ಅದಕ್ಕೇ ಕಾಯಿ ಅಂತ ಬರೆದುಕೊಳ್ಳುವ ಮೊದಲು ಒಂದನ್ನು ಒಡೆದು ಬೀಜ ಇದೆಯಾ ಅಂತ ನೋಡಿ. ಹೊಂಗೆ ಬೀಜ ಕಹಿ, ಎಣ್ಣೆ ತೆಗೆಯುವುದಕ್ಕೆ ಬರುತ್ತದೆಯೇ ಹೊರತು ತಿನ್ನುವುದಕ್ಕಲ್ಲ.

ಈಗ ಬೇವು. ಬೇವು ಯಾರಿಗೆ ಗೊತ್ತಿಲ್ಲ ಅಂತ ಕೇಳಬೇಡಿ. ಹೆಬ್ಬೇವನ್ನು ತೋರಿಸಿ ಬೇವು ಅನ್ನುವವರು ದೊಡ್ಡವರಲ್ಲೂ ಇದ್ದಾರೆ. ಇಲ್ಲಿ ಕಂಕುಳ ಮೊಗ್ಗಿನ ಲೆಕ್ಕ ಚೆನ್ನಾಗಿ ಕೆಲಸ ಮಾಡುತ್ತದೆ.

ಬೇವಿನ ಟೊಂಗೆಯಲ್ಲಿ ಮೊಗ್ಗು ಹುಡುಕಿ. ಅಲ್ಲಿಂದ ಹೊರಟ ತೊಟ್ಟು ಒಂದು ಮೊಳದ ಹತ್ತಿರ ಹತ್ತಿರ ಉದ್ದವೂ ಇರಬಹುದು. ಅದರ ಎರಡೂ ಕಡೆ ಕಿರುಎಲೆಗಳು ನೇರವಾಗಿ ಅಂಟಿಕೊಂಡಿವೆ. ಅಂದರೆ ತೊಟ್ಟು ಒಂದೇ ಸಲ ಹಂಚಿಕೆಯಾಗಿದೆ. ಹೆಬ್ಬೇವಿನಲ್ಲಿ, ಅದರ ನೆಂಟ ಹುಚ್ಚುಬೇವಿನಲ್ಲಿ ಹಾಗಲ್ಲ. ದೊಡ್ಡ ತೊಟ್ಟಿನಿಂದ ಅಕ್ಕಪಕ್ಕ ಚಿಕ್ಕ ತೊಟ್ಟುಗಳು ಹೊರಟು, ಅವುಗಳ ಮೇಲೆ ಕಿರುಎಲೆಗಳು ಕೂತಿರುತ್ತವೆ. ಎರಡು ಸಲ, ಕೆಲವೊಮ್ಮೆ ಮೂರು ಸಲ ಹಂಚಿಕೆ. ಮೊಗ್ಗು ಎಲ್ಲಿದೆ ಅಂತ ನೋಡದವರಿಗೆ ಹೆಬ್ಬೇವಿನ ಒಂದು ಚಿಕ್ಕ ತೊಟ್ಟೇ ಬೇವಿನ ಪೂರ್ತಿ ಎಲೆಯ ಹಾಗೆ ಕಾಣುತ್ತದೆ. ಅಲ್ಲೇ ಎಡವಟ್ಟಾಗುವುದು.

ಬೇವಿನ ಒಂದು ಕಿರುಎಲೆಯನ್ನು ಕಿತ್ತು ನೋಡಿ. ನಡುವಿನ ನರ ನಿಜವಾಗಿ ನಡುವೆ ಇಲ್ಲ. ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು, ಬುಡದಲ್ಲಂತೂ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಅದರಿಂದಲೇ ಕಿರುಎಲೆ ಒಂದು ಕಡೆಗೆ ಬಾಗಿದೆ. ಅಂಚಿನ ಉದ್ದಕ್ಕೂ ಹಲ್ಲುಗಳಿವೆ. ತುದಿಯ ಒಂಟಿ ಕಿರುಎಲೆ ಇರಬಹುದು, ಎಷ್ಟೋ ಸಲ ಇರುವುದೂ ಇಲ್ಲ. ಹಾಗಾಗಿ ಬೇವಿನಲ್ಲಿ ತುದಿಯನ್ನು ನಂಬಬೇಡಿ, ಬಾಗನ್ನೂ ಹಲ್ಲನ್ನೂ ನಂಬಿ.

ಹಣ್ಣು ಮಳೆಗಾಲ ಶುರುವಾಗುವ ಹೊತ್ತಿಗೆ ಹಳದಿಯಾಗುತ್ತದೆ. ಒಂದೂವರೆ ಸೆಂಟಿಮೀಟರ್ ಆಸುಪಾಸು ಉದ್ದ, ತೆಳು ಸಿಪ್ಪೆ, ಅಂಟು ತಿರುಳು, ನಡುವೆ ಒಂದು ಬಿಳಿ ಗಟ್ಟಿ ಬೀಜ. ಮರದ ಕೆಳಗೆ ನೋಡಿದರೆ ಹಕ್ಕಿಗಳೂ ಬಾವಲಿಗಳೂ ತಿಂದು ಉಗುಳಿದ ಬೀಜ ಸಿಗುತ್ತವೆ. ಎಲೆಯೆಲ್ಲ ಉದುರಿ ಬೋಳಾದ ಮೇಲೂ ಹಳದಿ ಹಣ್ಣುಗಳ ಗೊಂಚಲು ತೂಗಾಡುತ್ತಿದ್ದರೆ ಅದು ಹುಚ್ಚುಬೇವು. ಅದರ ಬೀಜ ಹೊರಗಿನಿಂದ ಗೆರೆಗೆರೆಯಾಗಿರುತ್ತದೆ, ಒಡೆದರೆ ಒಳಗೆ ಹಲವು ಕೋಣೆಗಳು. ಆ ಹಣ್ಣು ವಿಷ. ಗುರುತು ಹಿಡಿಯುವುದಕ್ಕೆ ಮೂಗು ಬಳಸಿ, ಬೆರಳು ಬಳಸಿ, ನಾಲಿಗೆ ಬೇಡ. ನಾಲಿಗೆಗೆ ಇವತ್ತು ಒಂದೇ ಮರದಲ್ಲಿ ಕೆಲಸ.

ಆ ಮರ ಹುಣಸೆ. ಅದನ್ನು ಹೇಳುವ ಮೊದಲು ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ಹುಡುಗ ತಂದಿರುವ ಟೊಂಗೆಯನ್ನು ನೋಡೋಣ. ರಸ್ತೆ ಬದಿಯ ದೊಡ್ಡ ಮರದಿಂದ ಗಾಳಿಗೆ ಬಿದ್ದಿತ್ತಂತೆ. "ಇದು ಹುಣಸೆ ಸರ್, ಸಾಯಂಕಾಲ ಎಲೆ ಮುಚ್ಚಿಕೊಳ್ಳುತ್ತೆ" ಅಂತ ಅವನು ಹೇಳಿದ. ಎಲೆ ಮುಚ್ಚಿಕೊಳ್ಳುವುದನ್ನು ಸಾಯಂಕಾಲ ನಿಂತು ನೋಡಿದ್ದಾನೆ, ಅದು ನನಗೆ ತುಂಬ ಇಷ್ಟವಾಯಿತು. ಹುಣಸೆ ಎಲೆ ಕತ್ತಲಾಗುತ್ತಲೇ ಮುಚ್ಚಿಕೊಳ್ಳುವುದೂ ನಿಜ. ಆದರೆ ಹಾಗೆ ಮುಚ್ಚಿಕೊಳ್ಳುವ ಮರ ಅದೊಂದೇ ಅಲ್ಲ. ಹಾಗಾಗಿ ಟೊಂಗೆಯನ್ನೇ ಕೇಳೋಣ.

ಪುಟ್ಟ, ಮೊಗ್ಗು ಎಲ್ಲಿದೆ ತೋರಿಸು. ಸರಿ, ದೊಡ್ಡ ತೊಟ್ಟಿನ ಬುಡದಲ್ಲಿದೆ. ಈಗ ಆ ತೊಟ್ಟಿನ ಮೇಲೆ ಏನಿದೆ? ಕಿರುಎಲೆಗಳು ನೇರವಾಗಿ ಇಲ್ಲ. ಮೊದಲು ಅಕ್ಕಪಕ್ಕ ಚಿಕ್ಕ ತೊಟ್ಟುಗಳು, ನಾಲ್ಕು ಜೋಡಿ ಇವೆ. ಕಿರುಎಲೆಗಳು ಅವುಗಳ ಮೇಲೆ. ಚಿಕ್ಕ ತೊಟ್ಟುಗಳ ಬುಡದಲ್ಲಿ ಮೊಗ್ಗು ಇದೆಯಾ? ಇಲ್ಲ. ಅಂದರೆ ಇದೆಲ್ಲ ಸೇರಿ ಒಂದೇ ಎಲೆ, ಎರಡು ಸಲ ಹಂಚಿಕೆಯಾದ ಎಲೆ. ಹುಣಸೆ ಎಲೆ ಒಂದೇ ಸಲ ಹಂಚಿಕೆಯಾಗುವುದು. ಇಲ್ಲಿಗೇ ಹುಣಸೆ ಅಲ್ಲ ಅಂತ ತೀರ್ಮಾನ ಆಯಿತು.

ಹಾಗಾದರೆ ಯಾವುದು? ಕಿರುಎಲೆಗಳನ್ನು ನೋಡಿ. ಬುಡದಲ್ಲಿ ಚಿಕ್ಕದು, ತುದಿಗೆ ಹೋದಂತೆ ದೊಡ್ಡದು, ಕೊನೆಯ ಜೋಡಿ ಎಲ್ಲಕ್ಕಿಂತ ದೊಡ್ಡದು. ಒಂದೊಂದೂ ಓರೆಯಾಗಿ ಕತ್ತರಿಸಿದ ಹಾಗಿದೆ. ಟೊಂಗೆಯ ಜೊತೆ ಅವನು ಒಂದು ಕಾಯಿಯನ್ನೂ ತಂದಿದ್ದಾನೆ, ಜಾಣ. ಕಾಯಿ ಹೆಚ್ಚುಕಡಿಮೆ ನೇರ, ಕಪ್ಪು ಕಂದು ಬಣ್ಣ, ಒಂದು ಗೇಣಿನ ಹತ್ತಿರ ಉದ್ದ. ಒತ್ತಿದರೆ ಮೆತ್ತಗೆ ಬಗ್ಗುತ್ತದೆ, ಸಿಪ್ಪೆ ಚೂರಾಗಿ ಕಳಚುವುದಿಲ್ಲ. ಮುರಿದರೆ ಸಿಹಿ ವಾಸನೆಯ ಅಂಟು. ಇದು ಮಳೆಮರ. ಅಮೆರಿಕ ಖಂಡದಿಂದ ಬಂದ ಮರ, ರಸ್ತೆ ಬದಿಯಲ್ಲಿ ಕೊಡೆ ಬಿಡಿಸಿಕೊಂಡು ನಿಂತಿರುವುದು ಜಾಸ್ತಿ. ಮೋಡ ಕವಿದಾಗಲೂ ಎಲೆ ಮುಚ್ಚಿಕೊಳ್ಳುತ್ತದೆ.

ಈಗ ನಿಜವಾದ ಹುಣಸೆ ಟೊಂಗೆ ತೆಗೆದುಕೊಳ್ಳಿ. ಎಲೆ ಪೂರ್ತಿ ಸೇರಿದರೂ ಒಂದು ಗೇಣಿಗಿಂತ ಕಡಿಮೆ. ಒಂದೇ ತೊಟ್ಟು, ಅದರ ಎರಡೂ ಕಡೆ ಹತ್ತರಿಂದ ಇಪ್ಪತ್ತು ಜೋಡಿ ಕಿರುಎಲೆಗಳು. ಒಂದೊಂದೂ ಒಂದೆರಡು ಸೆಂಟಿಮೀಟರ್ ಉದ್ದ, ತುದಿ ಮೊಂಡು. ಎಲೆಯ ತುದಿಯಲ್ಲಿ ಒಂಟಿ ಕಿರುಎಲೆ ಇಲ್ಲ, ಜೋಡಿಯೊಂದಿಗೇ ಮುಗಿಯುತ್ತದೆ. ಹೊಂಗೆ ಒಂಟಿಯಲ್ಲಿ ಮುಗಿದಿತ್ತು ನೆನಪಿದೆಯಾ? ಇಷ್ಟಾದ ಮೇಲೆ ನಾಲಿಗೆಯ ಸರದಿ. ಚಿಗುರನ್ನು ತೊಳೆದು ಅಗಿದರೆ ಹುಳಿ. ಎಲೆ ನೋಡಿ ಹುಣಸೆ ಅಂತ ಗಟ್ಟಿಯಾದ ಮೇಲೇ ಬಾಯಿಗೆ ಹಾಕಿ, ಬಾಯಿಗೆ ಹಾಕಿ ಹುಣಸೆಯೋ ಅಂತ ನೋಡುವುದು ಬೇಡ.

ಹುಣಸೆ ಕಾಯಿ ಬೀಜ ಇರುವ ಕಡೆ ಉಬ್ಬಿ, ಇಲ್ಲದ ಕಡೆ ಒಳಕ್ಕೆ ಹೋಗಿರುತ್ತದೆ. ಕೆಲವು ಬಾಗಿರುತ್ತವೆ, ಕೆಲವು ನೆಟ್ಟಗಿರುತ್ತವೆ. ಎಳೆಯದಾಗಿದ್ದಾಗ ಸಿಪ್ಪೆ ತಿರುಳಿಗೆ ಅಂಟಿಕೊಂಡಿರುತ್ತದೆ. ಹಣ್ಣಾದ ಮೇಲೆ ತಿರುಳು ಕುಗ್ಗಿ ಸಿಪ್ಪೆಯಿಂದ ಬೇರೆಯಾಗುತ್ತದೆ. ಆಗ ಕಾಯಿಯನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಒತ್ತಿದರೆ ಸಿಪ್ಪೆ ಪಟಪಟ ಒಡೆದು ಚೂರಾಗುತ್ತದೆ. ಒಳಗೆ ಕಂದು ತಿರುಳು, ಅದರ ಮೇಲೆ ಉದ್ದಕ್ಕೂ ಓಡಿದ ನಾರುಗಳು. ಮಳೆಮರದ ಕಾಯಿಯಲ್ಲಿ ಇದ್ಯಾವುದೂ ಇಲ್ಲ.

ನೆಲ್ಲಿ ಟೊಂಗೆಯೂ ದೂರದಿಂದ ಹುಣಸೆ ಎಲೆಯ ಹಾಗೇ ಕಾಣುತ್ತದೆ. ಅದು ಇವತ್ತು ನಾವು ನೋಡುವ ಐದು ಮರಗಳಲ್ಲಿ ಇಲ್ಲ, ಆದರೂ ಹೇಳದೆ ಬಿಡಲು ಮನಸ್ಸಿಲ್ಲ. ನೆಲ್ಲಿಯಲ್ಲಿ ಆ ಪುಟ್ಟ ಹಸಿರು ಹಾಳೆಗಳ ಬುಡದಲ್ಲೇ ಹೂ ಬಿಡುತ್ತದೆ, ಕಾಯಿಯೂ ಅಲ್ಲೇ ಕಚ್ಚುತ್ತದೆ. ಕಂಕುಳಲ್ಲಿ ಹೂ ಬಿಟ್ಟಿತು ಅಂದರೆ ಆ ಹಾಳೆ ಕಿರುಎಲೆ ಅಲ್ಲ, ತಾನೇ ಒಂದು ಪೂರ್ತಿ ಎಲೆ. ಹುಣಸೆಯಲ್ಲಿ ಕಿರುಎಲೆಯ ಬುಡದಲ್ಲಿ ಹೂ ಬಿಟ್ಟಿದ್ದನ್ನು ಯಾರೂ ನೋಡಿರಲಾರಿರಿ.

ಉಳಿದವು ಆಲ ಮತ್ತು ಅರಳಿ. ಇಲ್ಲಿ ಎಲೆಯ ಲೆಕ್ಕ ಸುಲಭ. ಒಂದು ತೊಟ್ಟು, ಒಂದು ಹಾಳೆ, ಬುಡದಲ್ಲಿ ಮೊಗ್ಗು, ಮುಗಿಯಿತು. ಕಷ್ಟ ಇರುವುದು ಇವುಗಳ ನೆಂಟರಿಷ್ಟರಿಂದ. ಅತ್ತಿ, ಬಸರಿ, ಗೋಣಿ, ಎಲ್ಲ ಒಂದೇ ಮನೆತನ.

ಮನೆತನದ ಗುರುತು ಎರಡು. ಎಲೆ ಕಿತ್ತರೆ ಬಿಳಿ ಹಾಲು ಬರುತ್ತದೆ. ಆ ಕೈಯಲ್ಲಿ ಕಣ್ಣು ಉಜ್ಜಬೇಡಿ, ಉರಿಯುತ್ತದೆ. ಇನ್ನೊಂದು ಗುರುತು ಟೊಂಗೆಯ ತುದಿಯಲ್ಲಿದೆ. ಅಲ್ಲಿ ಚೂಪಾದ ಮೊಗ್ಗೊಂದು ಇರುತ್ತದೆ, ಅದಕ್ಕೆ ಪೂರ್ತಿ ಸುತ್ತಿಕೊಂಡ ಹೊದಿಕೆ. ಒಳಗಿನ ಎಲೆ ಬಿಡಿಸಿಕೊಂಡಾಗ ಹೊದಿಕೆ ಕಳಚಿ ಬೀಳುತ್ತದೆ. ಅದು ಇದ್ದ ಜಾಗದಲ್ಲಿ ಟೊಂಗೆಯ ಸುತ್ತ ಉಂಗುರದ ಗೆರೆ ಉಳಿಯುತ್ತದೆ. ಎಳೆ ಟೊಂಗೆಯ ಮೇಲೆ ಒಂದೊಂದು ಎಲೆಗೂ ಒಂದೊಂದು ಉಂಗುರ ಕಾಣುತ್ತದೆ. ಹಲಸಿನಲ್ಲೂ ಹಾಲಿದೆ, ಉಂಗುರವಿದೆ, ಅದೂ ಇವುಗಳ ದೂರದ ನೆಂಟ. ಆದ್ದರಿಂದ ಹಾಲು ಮತ್ತು ಉಂಗುರ ಸಿಕ್ಕಿದರೆ ಮನೆ ಯಾವುದು ಅಂತ ಗೊತ್ತಾಯಿತು, ಆಸಾಮಿ ಯಾರು ಅಂತ ಇನ್ನೂ ಗೊತ್ತಾಗಿಲ್ಲ.

ಅರಳಿ ಎಲೆಯ ತುದಿಯಲ್ಲಿ ಉದ್ದ ಬಾಲ ಇದೆ. ಎಲೆ ಸ್ವಲ್ಪ ಸ್ವಲ್ಪವೇ ಕಿರಿದಾಗಿ ಚೂಪಾಗುವುದಲ್ಲ, ಅಗಲವಾಗಿ ಬಂದು ಥಟ್ಟನೆ ಸಣ್ಣಗಾಗಿ ಬಾಲ ಹೊರಡುತ್ತದೆ. ತೊಟ್ಟು ಉದ್ದ, ತೆಳು, ಹಾಳೆಯ ಅರ್ಧದಷ್ಟಾದರೂ ಇರುತ್ತದೆ, ಎಷ್ಟೋ ಸಲ ಇನ್ನೂ ಜಾಸ್ತಿ. ಬೇರೆ ಮರಗಳೆಲ್ಲ ಸುಮ್ನೆ ನಿಂತಿರುವಾಗಲೂ ಅರಳಿ ಎಲೆ ಅಲುಗಾಡುವುದು ಈ ತೊಟ್ಟಿನಿಂದ. ಚಿಗುರು ಕೆಂಪು ತಾಮ್ರದ ಬಣ್ಣ. ಹೂವರಸಿಯ ಎಲೆಯೂ ಹೃದಯದ ಆಕಾರದ್ದೇ, ತೊಟ್ಟೂ ಉದ್ದವೇ. ಆದರೆ ಅದಕ್ಕೆ ಬಾಲವಿಲ್ಲ, ಕಿತ್ತರೆ ಹಾಲು ಬರುವುದಿಲ್ಲ, ದೊಡ್ಡ ಹಳದಿ ಹೂ ಬಿಡುತ್ತದೆ.

ಆಲದ ಎಲೆ ದಪ್ಪ, ಚರ್ಮದಂತೆ ಬಿರುಸು. ತೊಟ್ಟು ಗಿಡ್ಡ, ಗಟ್ಟಿ. ತುದಿ ಮೊಂಡಾಗಿ ದುಂಡಗಿರುತ್ತದೆ, ಬಾಲದ ಸುದ್ದಿಯೇ ಇಲ್ಲ. ಬುಡದಿಂದ ಮೂರು ದಪ್ಪ ನರಗಳು ಒಟ್ಟಿಗೆ ಹೊರಡುತ್ತವೆ, ಕೆಲವು ಎಲೆಗಳಲ್ಲಿ ಐದು. ಹಸಿರು ಹಾಳೆಯ ಮೇಲೆ ಅವು ತಿಳಿ ಬಣ್ಣದಲ್ಲಿ ಎದ್ದು ಕಾಣುತ್ತವೆ. ಬಿಳಲು ನೋಡಿದರೆ ಸಾಕಲ್ವಾ ಅಂತ ಹಿಂದಿನಿಂದ ಯಾರೋ ಕೇಳಿದರು. ದೊಡ್ಡ ಮರವಾದರೆ ಬಿಳಲು ಒಳ್ಳೆಯ ಗುರುತೇ. ಎಳೆ ಮರಕ್ಕೆ ಬಿಳಲು ಇರುವುದಿಲ್ಲ, ರಸ್ತೆ ಬದಿಯ ಮರಗಳಲ್ಲಿ ಕತ್ತರಿಸಿಬಿಟ್ಟಿರುತ್ತಾರೆ. ಎಲೆಯಾದರೆ ಯಾವಾಗಲೂ ಕೈಗೆ ಸಿಗುತ್ತದೆ.

ಹಣ್ಣು ನೋಡಿದರೆ ಅನುಮಾನವೇ ಉಳಿಯುವುದಿಲ್ಲ. ಎರಡರಲ್ಲೂ ಎಲೆಯ ಕಂಕುಳಲ್ಲಿ ಜೋಡಿಯಾಗಿ, ತೊಟ್ಟಿಲ್ಲದೆ ಟೊಂಗೆಗೇ ಅಂಟಿಕೊಂಡು ಕೂತಿರುತ್ತವೆ. ಆಲದ ಹಣ್ಣು ಒಂದೂವರೆ, ಎರಡು ಸೆಂಟಿಮೀಟರ್ ಅಗಲ, ಹಣ್ಣಾದಾಗ ಕೆಂಪು. ಅರಳಿ ಹಣ್ಣು ಅದಕ್ಕಿಂತ ಚಿಕ್ಕದು, ಹಣ್ಣಾದಾಗ ಕಪ್ಪು ನೇರಳೆ. ಬಸರಿಯದು ಚಿಕ್ಕದೇ, ಆದರೆ ಬಿಳಿಚಿಕೊಂಡಿರುತ್ತದೆ, ಮೈಮೇಲೆ ಚುಕ್ಕಿಗಳು. ಹಣ್ಣುಗಳು ಕಾಂಡದಿಂದಲೇ ಗೊಂಚಲಾಗಿ ಹೊರಟಿದ್ದರೆ ಅದು ಅತ್ತಿ.

ಈ ಆಲದ ಹಣ್ಣನ್ನು ಬ್ಲೇಡಿನಿಂದ ನಡುವೆ ಸೀಳಿದ್ದೇನೆ. ಒಬ್ಬೊಬ್ಬರೇ ಬಂದು ಭೂತಗನ್ನಡಿಯಲ್ಲಿ ನೋಡಿ. ನಡುವೆ ಟೊಳ್ಳು. ಸುತ್ತ ಗೋಡೆಯ ತುಂಬ ಒತ್ತೊತ್ತಾಗಿ ನಿಂತಿರುವ ಸಣ್ಣ ಸಣ್ಣ ಕಾಳುಗಳು ಕಾಣುತ್ತವೆ ಅಲ್ವಾ? ಅವೇ ಇದರ ಹೂಗಳು. ಆಲಕ್ಕೆ ಹೂ ಬಿಡುವುದಿಲ್ಲ ಅನ್ನುತ್ತಾರೆ, ಬಿಡುತ್ತದೆ, ಒಳಗೆ ಬಿಡುತ್ತದೆ. ನಾವು ಹಣ್ಣು ಅನ್ನುವುದು ನೂರಾರು ಹೂಗಳನ್ನು ಒಳಗಿಟ್ಟುಕೊಂಡು ಮುಚ್ಚಿಕೊಂಡ ಒಂದು ಚೀಲ.

ಇನ್ನು ಹಣ್ಣು ಟೊಂಗೆಗೆ ಅಂಟಿಕೊಂಡಿದ್ದ ಕಡೆಯ ಎದುರು ಬದಿಯ ತುದಿ ನೋಡಿ. ಅಲ್ಲಿ ಸಣ್ಣದೊಂದು ತೂತಿದೆ, ಚಿಪ್ಪಿನಂಥ ಎಸಳುಗಳು ಅದನ್ನು ಮುಚ್ಚಿವೆ. ಕಾಯಿ ಎಳೆಯದಾಗಿದ್ದಾಗ ಒಂದೆರಡು ಮಿಲಿಮೀಟರಿನ ಪುಟ್ಟ ಕಣಜ ಆ ತೂತಿನಲ್ಲಿ ನುಗ್ಗುತ್ತದೆ. ದಾರಿ ಎಷ್ಟು ಇಕ್ಕಟ್ಟೆಂದರೆ ಅದರ ರೆಕ್ಕೆಗಳೇ ಮುರಿದು ಹೋಗುತ್ತವೆ. ಒಳಗೆ ಹೋಗಿ ತಾನು ಹುಟ್ಟಿದ ಹಣ್ಣಿನಿಂದ ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸುತ್ತದೆ, ಕೆಲವು ಹೂಗಳಲ್ಲಿ ಮೊಟ್ಟೆ ಇಡುತ್ತದೆ, ಅಲ್ಲೇ ಸಾಯುತ್ತದೆ. ಮೊಟ್ಟೆ ಇಟ್ಟ ಹೂಗಳಲ್ಲಿ ಮರಿ ಕಣಜಗಳು ಬೆಳೆಯುತ್ತವೆ, ಉಳಿದವು ಬೀಜವಾಗುತ್ತವೆ. ಆಲಕ್ಕೆ ಬರುವ ಕಣಜ ಬೇರೆ ಜಾತಿ, ಅರಳಿಗೆ ಬರುವುದು ಬೇರೆ ಜಾತಿ. ನಾವು ಎಲೆ, ಕಾಯಿ, ಹಾಲು, ಉಂಗುರ ಅಂತ ಇಷ್ಟೆಲ್ಲ ನೋಡಿ ಗುರುತು ಹಿಡಿಯುವುದನ್ನು ಆ ಕಣಜ ವಾಸನೆಯಿಂದಲೇ ಹಿಡಿಯುತ್ತದೆ.

ಕೊನೆಗೆ ನಿಮ್ಮ ಟೀಚರ್ ಒಂದು ಪ್ರಶ್ನೆ ಕೇಳಿದರು. ಶೌಚಾಲಯದ ಹಿಂದಿನ ಗೋಡೆಯ ಬಿರುಕಿನಲ್ಲಿ ಒಂದು ಗಿಡ ಹುಟ್ಟಿದೆ, ಮೊಣಕಾಲೆತ್ತರ ಇದೆ, ಹಣ್ಣಿಲ್ಲ, ಅದು ಯಾವುದು ಅಂತ. ಬನ್ನಿ, ಎಲ್ಲರೂ ಅಲ್ಲಿಗೇ ಹೋಗಿ ನೋಡೋಣ.

ಗೋಡೆಯಲ್ಲಿ ಹುಟ್ಟಿದೆ ಅನ್ನುವುದೇ ಮೊದಲ ಸುಳಿವು. ಆಲ, ಅರಳಿಯ ಬೀಜ ಬಹಳ ಸಣ್ಣದು. ಹಣ್ಣು ತಿಂದ ಹಕ್ಕಿ ಗೋಡೆ ಮೇಲೆ ಕೂತು ಹಿಕ್ಕೆ ಹಾಕಿದರೆ ಬೀಜ ಬಿರುಕಿಗೆ ಸೇರುತ್ತದೆ. ಈಗ ಒಂದು ಎಲೆ ಕಿತ್ತೆ. ಹಾಲು ಬಂತು. ಟೊಂಗೆಯ ಮೇಲೆ ಉಂಗುರವೂ ಇದೆ. ಮನೆತನ ಸಿಕ್ಕಿತು. ಕೆಳಗಿನ ಎಲೆ ನೋಡಿ, ಬಾಲ ಚಿಕ್ಕದು. ಇದನ್ನು ನೋಡಿ ಬಸರಿ ಅಂದುಬಿಡಬಹುದು. ಎಳೆ ಗಿಡದ ಮೊದಮೊದಲ ಎಲೆಗಳನ್ನು ಅಷ್ಟಾಗಿ ನಂಬಬಾರದು, ದೊಡ್ಡ ಮರದ ಎಲೆಯ ರೂಪ ಅವುಗಳಿಗೆ ಇನ್ನೂ ಬಂದಿರುವುದಿಲ್ಲ. ಮೇಲಿನ, ಈಚೆಗೆ ಬಂದ, ಆದರೆ ಪೂರ್ತಿ ಬಿಡಿಸಿಕೊಂಡ ಎಲೆ ನೋಡಿ. ಸ್ಕೇಲ್ ಕೊಡಿ. ಬಾಲ ಬಿಟ್ಟು ಹಾಳೆ ಎಂಟು ಸೆಂಟಿಮೀಟರ್. ಬಾಲ ಎರಡೂವರೆ. ತೊಟ್ಟು ಐದು. ತೊಟ್ಟು ಹಾಳೆಯ ಅರ್ಧಕ್ಕಿಂತ ಜಾಸ್ತಿ, ಬಾಲ ಥಟ್ಟನೆ ಹೊರಟಿದೆ, ಬುಡ ಒಳಕ್ಕೆ ಬಾಗಿ ಹೃದಯದ ಆಕಾರ ಬಂದಿದೆ, ತುದಿಯ ಚಿಗುರು ಕೆಂಪು. ಅರಳಿ.

ಗೋಡೆಯಲ್ಲಿ ಬಿಟ್ಟರೆ ಬೇರು ದಪ್ಪವಾಗುತ್ತಾ ಬಿರುಕನ್ನು ಅಗಲ ಮಾಡುತ್ತದೆ. ಮೇಲಿನದನ್ನು ಮಾತ್ರ ಮುರಿದು ಹಾಕಿದರೆ ಒಳಗಿನ ಬೇರಿನಿಂದ ಮತ್ತೆ ಚಿಗುರುತ್ತದೆ. ಹಾಗಾಗಿ ಒಂದು ಕೆಲಸ ಮಾಡಿ. ಒಳ್ಳೆ ಮಳೆ ಬಂದು ಗೋಡೆ ನೆಂದ ಮರುದಿನ ದೊಡ್ಡವರನ್ನು ಕರೆದುಕೊಂಡು ಬನ್ನಿ. ಬಿರುಕಿನ ಸುತ್ತಲಿನ ಸಡಿಲ ಗಾರೆ ಕೆದಕಿ, ಬೇರು ಎಷ್ಟು ಬರುತ್ತದೋ ಅಷ್ಟೂ ಸೇರಿಸಿ ಗಿಡವನ್ನು ಬಿಡಿಸಿಕೊಳ್ಳಲಿ. ಅರ್ಧದಷ್ಟು ಎಲೆ ತೆಗೆದು, ಮಣ್ಣು ತುಂಬಿದ ಚೀಲದಲ್ಲಿ ನೆಟ್ಟು, ಹೊಸ ಚಿಗುರು ಬರುವವರೆಗೆ ನೆರಳಲ್ಲಿಡಿ. ಆಮೇಲೆ ನೆಲಕ್ಕೆ ಹಾಕುವಾಗ ಕಟ್ಟಡ, ಬಾವಿ, ನೀರಿನ ಪೈಪು ಇವುಗಳಿಂದ ಸಾಕಷ್ಟು ದೂರ, ಆಟದ ಮೈದಾನದ ಆಚೆ ಅಂಚಿಗೆ ಹಾಕಿ.